ವಾಚಿನ ಒಳಗಿನ ರಾತ್ರಿ

ನವೆಂಬರ್ 30ರ ರಾತ್ರಿ, ಹನ್ನೆರಡು ದಾಟಿ ಐದು ನಿಮಿಷವಾಗಿತ್ತು. ಮಲಗುವ ಮುಂಚೆ ವಾಚು ಬಿಚ್ಚಿ ಮೇಜಿನ ಮೇಲಿಡಲು ಹೋದೆ. ತಾರೀಖಿನ ಕಿಟಕಿಯಲ್ಲಿ 31 ಕಾಣಿಸಿತು. ನವೆಂಬರಿಗೆ ಮೂವತ್ತೇ ದಿನ. ಬೆಳಿಗ್ಗೆ ಮರೆತುಹೋದೀತು, ಈಗಲೇ ಸರಿಮಾಡಿಬಿಡೋಣ ಎಂದುಕೊಂಡು ಕೀಯನ್ನು ಅರ್ಧ ಎಳೆದು ತಿರುಗಿಸಿದೆ. ಬೆರಳಿಗೆ ಎಂದಿಗಿಂತ ಕೊಂಚ ಬಿಗಿ ಅನ್ನಿಸಿತು. ಇನ್ನಷ್ಟು ಒತ್ತಿ ತಿರುಗಿಸಿದಾಗ ಒಳಗೆಲ್ಲೋ ಸಣ್ಣಗೆ ಟಕ್ ಎಂದಿತು. ತಾರೀಖು 1ಕ್ಕೆ ಬಂತು. ಕೆಲಸ ಮುಗಿಯಿತೆಂದು ನಿಶ್ಚಿಂತೆಯಿಂದ ಮಲಗಿದೆ.

ಒಂದು ವಾರದ ನಂತರ, ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿಯಲ್ಲಿ ಅರ್ಧ 7, ಅರ್ಧ 8. ಮಧ್ಯಾಹ್ನವಾದರೂ ಅದು ಹಾಗೆಯೇ ಇತ್ತು. ಪೇಟೆಯ ವಾಚ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಹಿರಿಯರು ವಾಚನ್ನು ಕೈಯಲ್ಲಿ ಹಿಡಿದು, ಕೀ ಎಳೆದು ಮುಳ್ಳುಗಳನ್ನು ಒಂದು ಸುತ್ತು ತಿರುಗಿಸಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ತಾರೀಖು ಎಷ್ಟು ಹೊತ್ತಿಗೆ ತಿರುಗಿಸಿದ್ರಿ ಸಾರ್?”

ಹೇಳಿದೆ. ಅವರು ತಲೆಯಾಡಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚು ಬಿಚ್ಚಿದರು. ಮೊದಲು ಮಷೀನು ಹೊರಗೆ ಬಂತು, ಆಮೇಲೆ ಮುಳ್ಳುಗಳು, ಆಮೇಲೆ ಡಯಲ್. ಡಯಲ್ ಎತ್ತಿದ ಕೂಡಲೇ ಕಂಡದ್ದು ಬಳೆಯಂಥ ಒಂದು ತೆಳು ತಗಡು. ಅದರ ಮೇಲೆ 1ರಿಂದ 31ರವರೆಗೆ ಅಂಕಿಗಳು, ಒಳ ಅಂಚಿನಲ್ಲಿ ಸುತ್ತಲೂ ಸಣ್ಣ ಹಲ್ಲುಗಳು. ಚಿಮಟದ ತುದಿಯಿಂದ ಒಂದು ಹಲ್ಲನ್ನು ತೋರಿಸಿ, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಉಳಿದ ಹಲ್ಲುಗಳೆಲ್ಲ ಚೂಪಾಗಿದ್ದವು. ಆ ಒಂದರ ತುದಿ ಮಾತ್ರ ಒಂದು ಬದಿಗೆ ಮಡಚಿಕೊಂಡು ಅರ್ಧ ಮುರಿದಿತ್ತು. “ಇದು ಆವತ್ತು ರಾತ್ರಿಯ ಟಕ್” ಎಂದರು.

ವಾಚು ಹಳೆಯದಾಗಿ ಕೆಟ್ಟದ್ದಲ್ಲ. ನಾನೇ ನನ್ನ ಬೆರಳಿನಿಂದ ಮುರಿದದ್ದು. ಹಾಗೇಕಾಯಿತು ಎಂದು ಅವರು ಬಿಚ್ಚಿದ ಮಷೀನನ್ನೇ ಮುಂದಿಟ್ಟುಕೊಂಡು ವಿವರಿಸಿದರು.

ಡಯಲ್‌ನ ಕೆಳಗೆ

ಗಂಟೆಯ ಮುಳ್ಳು ದಿನಕ್ಕೆ ಎರಡು ಸುತ್ತು ಬರುತ್ತದೆ. ತಾರೀಖು ಬದಲಾಗಬೇಕಾದ್ದು ದಿನಕ್ಕೆ ಒಂದೇ ಸಲ. ಅದಕ್ಕಾಗಿ ಗಂಟೆಯ ಗಾಲಿಯಿಂದ ಇನ್ನೊಂದು ಗಾಲಿಗೆ ಚಲನೆ ಹೋಗುತ್ತದೆ. ಹಲ್ಲುಗಳ ಲೆಕ್ಕದಿಂದ ವೇಗ ಅರ್ಧಕ್ಕೆ ಇಳಿದು, ಈ ಎರಡನೇ ಗಾಲಿ 24 ಗಂಟೆಗೆ ಒಂದು ಸುತ್ತು ಮಾತ್ರ ತಿರುಗುತ್ತದೆ. ಇದಕ್ಕೆ ತಾರೀಖಿನ ಗಾಲಿ ಎನ್ನೋಣ. ಇದರ ಮೇಲೆ ಒಂದು ಪುಟ್ಟ ಬೆರಳು ಚಾಚಿಕೊಂಡಿರುತ್ತದೆ.

ಹಗಲೆಲ್ಲ ಈ ಬೆರಳು ಬಳೆಯ ಹಲ್ಲುಗಳಿಂದ ದೂರದಲ್ಲಿ, ಖಾಲಿ ಜಾಗದಲ್ಲಿ ತಿರುಗುತ್ತಿರುತ್ತದೆ. ಸಂಜೆ ಕಳೆದು ರಾತ್ರಿಯಾಗುತ್ತ ಬಂದಂತೆ ಅದು ಎರಡು ಹಲ್ಲುಗಳ ನಡುವೆ ಮೆಲ್ಲಗೆ ತೂರಿಕೊಂಡು, ಮುಂದಿನ ಹಲ್ಲನ್ನು ತಳ್ಳಲು ಶುರುಮಾಡುತ್ತದೆ. ಇಡೀ ದಿನಕ್ಕೆ ಒಂದೇ ಸುತ್ತು ಬರುವ ಗಾಲಿಯಾದ್ದರಿಂದ ಈ ತಳ್ಳುವಿಕೆ ಬಹಳ ನಿಧಾನ. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ತಾರೀಖಿನ ಬಳೆ ಕೈಯ ಅಲುಗಾಟಕ್ಕೆ ಜಾರದಂತೆ ಒಂದು ಸ್ಪ್ರಿಂಗ್ ಕೊಕ್ಕೆ ಅದನ್ನು ಒತ್ತಿ ಹಿಡಿದಿರುತ್ತದೆ. ಬೆರಳು ತಳ್ಳುತ್ತ ತಳ್ಳುತ್ತ ಹಲ್ಲು ಆ ಕೊಕ್ಕೆಯ ತುದಿಯನ್ನು ದಾಟಿದ ಕ್ಷಣ ಸ್ಪ್ರಿಂಗಿನ ಒತ್ತಡಕ್ಕೆ ಬಳೆ ಮುಂದಿನ ಮನೆಗೆ ಜಿಗಿಯುತ್ತದೆ. ಮಧ್ಯರಾತ್ರಿಯ ಸುಮಾರಿಗೆ ಕಿಟಕಿಯಲ್ಲಿ ಹೊಸ ಅಂಕಿ ಬರುವುದು ಆಗ.

ಅಲ್ಲಿಗೆ ಕೆಲಸ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ತಪ್ಪಾಗುವುದು ಅಲ್ಲೇ. ಬಳೆ ಜಿಗಿದ ಮೇಲೂ ಬೆರಳು ಇದ್ದಲ್ಲೇ ಇರುತ್ತದೆ. ಅದರ ನಿಧಾನ ನಡಿಗೆಯಲ್ಲಿ ಹಲ್ಲುಗಳ ನಡುವಿನಿಂದ ಪೂರ್ತಿ ಹೊರಬರಲು ಇನ್ನೂ ಒಂದೆರಡು ಗಂಟೆ, ಕೆಲವು ಮಷೀನುಗಳಲ್ಲಿ ಅದಕ್ಕಿಂತ ಹೆಚ್ಚು ಬೇಕು.

ಇನ್ನು ನಾವು ಕೀ ಎಳೆದು ತಾರೀಖು ಬದಲಿಸುವ ದಾರಿಯೇ ಬೇರೆ. ಕೀಯನ್ನು ಮೊದಲ ಮೆಟ್ಟಿಲಿಗೆ ಎಳೆದಾಗ ಇನ್ನೊಂದು ಪುಟ್ಟ ಗಾಲಿ ಬಂದು ಅದೇ ಬಳೆಯ ಹಲ್ಲನ್ನು ಬೇರೆ ಕಡೆಯಿಂದ ಹಿಡಿಯುತ್ತದೆ. ಮುಳ್ಳುಗಳನ್ನು ಮುಟ್ಟದೆ ನೇರವಾಗಿ ಬಳೆಯನ್ನು ತಿರುಗಿಸುವ ಅಡ್ಡದಾರಿ ಇದು. ಬೆರಳು ದೂರದಲ್ಲಿದ್ದರೆ ಬಳೆ ಸಲೀಸಾಗಿ ತಿರುಗುತ್ತದೆ. ಬೆರಳು ಹಲ್ಲುಗಳ ನಡುವೆ ಇದ್ದರೆ, ನಾವು ಬಳೆಯನ್ನು ಮುಂದೆ ತಳ್ಳಿದಾಗ ಹಿಂದಿನ ಹಲ್ಲು ಬಂದು ಆ ಬೆರಳಿನ ಬೆನ್ನಿಗೆ ಬಡಿಯುತ್ತದೆ. ಬೆರಳು ಪಕ್ಕಕ್ಕೆ ಸರಿಯಲಾರದು, ಅದರ ಹಿಂದೆ ಗಂಟೆಯ ಗಾಲಿ, ಅದರ ಹಿಂದೆ ಇಡೀ ಮಷೀನು ಇದೆ. ತಿರುಗುವ ಸೈಕಲ್ ಚಕ್ರದ ಕಡ್ಡಿಗಳ ನಡುವೆ ಕೋಲು ಸಿಕ್ಕಿದ ಹಾಗೆ. ಒಂದೋ ಕಡ್ಡಿ ಬಾಗಬೇಕು, ಇಲ್ಲ ಕೋಲು ಮುರಿಯಬೇಕು.

ವಾಚಿನಲ್ಲಿ ಮುರಿಯುವುದು ಯಾವುದು ಎಂಬುದು ಮಷೀನಿನ ಮೇಲೆ ನಿಂತಿದೆ. ಕೆಲವೊಮ್ಮೆ ಬಳೆಯ ಹಲ್ಲು ಮಡಚುತ್ತದೆ. ಕೆಲವೊಮ್ಮೆ ಬೆರಳೇ ಬಾಗುತ್ತದೆ ಅಥವಾ ತುಂಡಾಗುತ್ತದೆ. ಕೆಲವೊಮ್ಮೆ ಕೀಯಿಂದ ಬರುವ ಪುಟ್ಟ ಗಾಲಿಯ ಹಲ್ಲು ಸವೆಯುತ್ತದೆ. ಗಾಲಿಗಳು ಪ್ಲಾಸ್ಟಿಕ್ಕಿನವಾದರೆ ಅಪಾಯ ಹೆಚ್ಚು. ಬ್ಯಾಟರಿಯ ಕ್ವಾರ್ಟ್ಜ್ ವಾಚುಗಳಲ್ಲೂ ಮುಳ್ಳು ಮತ್ತು ತಾರೀಖು ಇದ್ದರೆ ವ್ಯವಸ್ಥೆ ಬಹುಪಾಲು ಇದೇ. ಹಾಗಾಗಿ ಎಚ್ಚರಿಕೆಯೂ ಇದೇ.

ಎಲ್ಲ ವಾಚುಗಳೂ ಹೀಗೆ ಮುರಿಯುತ್ತವೆ ಎಂದಲ್ಲ. ಎದುರಿಂದ ಒತ್ತಡ ಬಂದರೆ ಬಾಗಿ ದಾರಿ ಬಿಡುವ ಸ್ಪ್ರಿಂಗ್ ಬೆರಳನ್ನು ಕೆಲವು ಮಷೀನುಗಳಿಗೆ ಕೊಟ್ಟಿರುತ್ತಾರೆ. ಯಾವ ಹೊತ್ತಿಗೆ ತಿರುಗಿಸಿದರೂ ಅಪಾಯವಿಲ್ಲದ ಮಷೀನುಗಳೂ ಇವೆ. ಆದರೆ ಹೊರಗಿನಿಂದ ನೋಡಿ ನಮ್ಮ ವಾಚು ಯಾವ ಜಾತಿಯದು ಎಂದು ಹೇಳಲು ಬರುವುದಿಲ್ಲ.

ರಾತ್ರಿ ಯಾರದು?

ವಾಚಿನ ಜೊತೆ ಬರುವ ಪುಸ್ತಿಕೆಗಳಲ್ಲಿ ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ, ಕೆಲವದರಲ್ಲಿ 4ರವರೆಗೆ ತಾರೀಖು ಬದಲಿಸಬೇಡಿ ಎಂದಿರುತ್ತದೆ. ಬೆರಳು ಹಲ್ಲುಗಳ ನಡುವೆ ಇರುವ ಹೊತ್ತಿಗೆ ಎರಡೂ ಕಡೆ ಸ್ವಲ್ಪ ಅಂತರ ಬಿಟ್ಟು ಹಾಕಿದ ಲೆಕ್ಕ ಅದು. ತಾರೀಖಿನ ಜೊತೆಗೆ ವಾರವನ್ನೂ ತೋರಿಸುವ ವಾಚಿನಲ್ಲಿ ಈ ಹೊತ್ತು ಇನ್ನೂ ಉದ್ದವಾಗಬಹುದು. ತಾರೀಖು ಬದಲಾದ ನಂತರ ವಾರದ ತಟ್ಟೆ ತಿರುಗುತ್ತದೆ. ಅದರ ಮೇಲೆ ಎರಡು ಭಾಷೆಗಳಲ್ಲಿ ವಾರದ ಹೆಸರಿದ್ದರೆ, ಮೊದಲು ಇನ್ನೊಂದು ಭಾಷೆಯ ಹೆಸರು ಬಂದು, ಅದನ್ನೂ ದಾಟಿ ನಮ್ಮ ಭಾಷೆಯ ಹೆಸರು ಬರಬೇಕು. ಇಂಥ ವಾಚನ್ನು ರಾತ್ರಿ ಎರಡು ಗಂಟೆಗೆ ನೋಡಿದರೆ ವಾರ ಬೇರೆ ಭಾಷೆಯಲ್ಲಿ ಕಂಡೀತು. ಅದು ಕೆಟ್ಟದ್ದಲ್ಲ, ಇನ್ನೂ ದಾರಿಯಲ್ಲಿದೆ ಅಷ್ಟೆ.

ಈ ಎಚ್ಚರಿಕೆಯನ್ನು ಓದಿದವರೂ ಒಂದು ಕಡೆ ಎಡವುತ್ತಾರೆ. ರಾತ್ರಿ ಒಂಬತ್ತು ಎಂದರೆ ನಮ್ಮ ಮನೆಯ ಗೋಡೆ ಗಡಿಯಾರದ ಒಂಬತ್ತು ಅಲ್ಲ. ಅದು ಕೈಗಡಿಯಾರದ ಮುಳ್ಳುಗಳು ತೋರಿಸುವ ಒಂಬತ್ತು. ಹೊರಗೆ ಹಗಲೋ ರಾತ್ರಿಯೋ ಮಷೀನಿಗೆ ಗೊತ್ತಿಲ್ಲ. ಬೆರಳು ಎಲ್ಲಿದೆಯೋ ಅದೇ ಅದರ ರಾತ್ರಿ. ನಿಂತುಹೋದ ವಾಚಿನಲ್ಲೂ ಬೆರಳು ನಿಂತ ಜಾಗದಲ್ಲೇ ಇರುತ್ತದೆ. ಆರು ತಿಂಗಳು ಬೀರುವಿನಲ್ಲಿದ್ದರೂ ಅಷ್ಟೆ. ನಿಂತಿದೆಯಲ್ಲ, ತಿರುಗಿಸಿದರೆ ಏನಾದೀತು ಎಂಬ ಧೈರ್ಯ ಬೇಡ.

ನಮ್ಮ ಮನೆಗಳಿಗೆ ಇದು ನೇರವಾಗಿ ತಟ್ಟುವ ಮಾತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತು. ಮುಂದೆ ತುಮಕೂರಿನಲ್ಲೂ ಆಯಿತು. ಅಪ್ಪನ, ಅಜ್ಜನ ಎಚ್‌ಎಂಟಿ ಬೀರುವಿನಲ್ಲಿರುವ ಮನೆ ಊರಿಗೆ ನಾಲ್ಕಾದರೂ ಇರುತ್ತವೆ. ಅದು ಜನತಾ ಅಥವಾ ಪೈಲಟ್ ಆಗಿದ್ದರೆ ಚಿಂತೆಯಿಲ್ಲ, ಅವಕ್ಕೆ ತಾರೀಖೇ ಇಲ್ಲ, ಕೀ ಕೊಟ್ಟು ಮುಳ್ಳು ಸರಿಮಾಡಿದರಾಯಿತು. ಕಾಂಚನ್‌ನಂಥ, ವಾರ ತಾರೀಖು ಎರಡೂ ಇರುವ ಆಟೋಮ್ಯಾಟಿಕ್ ಆಗಿದ್ದರೆ ನಿಲ್ಲಿ. ಮದುವೆಗೋ ಹಬ್ಬಕ್ಕೋ ಅದನ್ನು ಹೊರತೆಗೆದು, ಕೈಗೆತ್ತಿಕೊಂಡ ಕೂಡಲೇ ತಾರೀಖು ತಿರುಗಿಸಬೇಡಿ. ಅದು ಹತ್ತೂಕಾಲಿಗೆ ನಿಂತಿದ್ದರೆ ಬೆಳಗಿನ ಹತ್ತೂಕಾಲೋ ರಾತ್ರಿಯ ಹತ್ತೂಕಾಲೋ ಡಯಲ್ ಹೇಳುವುದಿಲ್ಲ. ಬೆಳಗಿನದಾದರೆ ಏನೂ ಆಗದು. ರಾತ್ರಿಯದಾದರೆ ಬೆರಳು ಹಲ್ಲುಗಳ ನಡುವೆ ಇದೆ.

ಆರೂವರೆಗೆ ತನ್ನಿ

ಇದಕ್ಕೆ ಅಂಗಡಿಯ ಹಿರಿಯರು ಹೇಳಿಕೊಟ್ಟ ಉಪಾಯ ಸರಳ: ಮೊದಲು ವಾಚಿನಿಂದಲೇ ಅದರ ಮಧ್ಯರಾತ್ರಿ ಯಾವುದೆಂದು ಹೇಳಿಸಿ, ಆಮೇಲೆ ಬೆಳಗು ಮಾಡಿ, ಆಮೇಲೆ ತಾರೀಖು ಮುಟ್ಟಿ. ಒಂದು ಲೆಕ್ಕ ಹಿಡಿದು ನೋಡೋಣ. ವಾಚು ಹತ್ತೂಕಾಲಿಗೆ ನಿಂತಿದೆ, ಕಿಟಕಿಯಲ್ಲಿ 27 ಇದೆ. ಇವತ್ತು 3ನೇ ತಾರೀಖು, ಹೊರಗೆ ಈಗ ರಾತ್ರಿ ಎಂಟು ನಲವತ್ತು.

ಮೊದಲು ವಾಚಿಗೆ ಕೀ ಕೊಡಿ. ಆಮೇಲೆ ಕೀಯನ್ನು ಪೂರ್ತಿ ಹೊರಗೆ, ಅಂದರೆ ಮುಳ್ಳು ತಿರುಗುವ ಕೊನೆಯ ಮೆಟ್ಟಿಲಿಗೆ ಎಳೆಯಿರಿ. ಮುಳ್ಳುಗಳನ್ನು ಮುಂದಕ್ಕೆ, ನಿಧಾನವಾಗಿ ತಿರುಗಿಸಿ. ಹನ್ನೆರಡು ದಾಟುವಾಗ 27 ಹೋಗಿ 28 ಬಂದರೆ ಅದು ಮಧ್ಯರಾತ್ರಿ, ವಾಚು ರಾತ್ರಿಯಲ್ಲೇ ನಿಂತಿತ್ತು. ಹನ್ನೆರಡು ದಾಟಿದರೂ 27 ಹಾಗೇ ಇದ್ದರೆ ನೀವು ದಾಟಿದ್ದು ಮಧ್ಯಾಹ್ನ. ಇನ್ನೊಂದು ಸುತ್ತು ಮುಂದೆ ತಿರುಗಿಸಿ, ಮುಂದಿನ ಹನ್ನೆರಡಕ್ಕೆ 28 ಬರುತ್ತದೆ. ಹೀಗೆ ಮುಳ್ಳು ತಿರುಗಿಸಿ ಮಧ್ಯರಾತ್ರಿ ದಾಟುವುದರಿಂದ ಪೆಟ್ಟಾಗುವುದಿಲ್ಲ. ದಿನಾ ರಾತ್ರಿ ಆಗುವ ಕೆಲಸವೇ ಬೇಗ ನಡೆಯುತ್ತಿದೆ ಅಷ್ಟೆ. ಬೆರಳೂ ಬಳೆಯೂ ಒಟ್ಟಿಗೆ, ಒಂದೇ ದಿಕ್ಕಿಗೆ ಹೋಗುತ್ತಿವೆ.

ತಾರೀಖು ಜಿಗಿದ ಮೇಲೆ ಅಲ್ಲೇ ನಿಲ್ಲಬೇಡಿ. ಹಾಗೇ ಮುಂದೆ ಬಂದು ಆರೂವರೆಗೆ ನಿಲ್ಲಿಸಿ. ಎರಡೂ ಮುಳ್ಳು ಕೆಳಗೆ ಇಳಿಬಿದ್ದಿರುತ್ತವೆ. ಈಗ ವಾಚಿನೊಳಗೆ ಬೆಳಗಿನ ಆರೂವರೆ. ಬೆರಳು ಹಲ್ಲುಗಳಿಂದ ದೂರ ಹೋಗಿದೆ.

ಈಗ ಕೀಯನ್ನು ಒಂದು ಮೆಟ್ಟಿಲು ಒಳಗೆ ಒತ್ತಿ, ತಾರೀಖಿನ ಮೆಟ್ಟಿಲಿಗೆ ತನ್ನಿ. 28ರಿಂದ 29, 30, 31, 1, 2, 3. ಆರು ಸಲ ಟಕ್ ಟಕ್ ಎಂದು ಸಲೀಸಾಗಿ ಬರಬೇಕು. ವಾರವೂ ಇದ್ದರೆ ಅನೇಕ ವಾಚುಗಳಲ್ಲಿ ಇದೇ ಮೆಟ್ಟಿಲಿನಲ್ಲಿ ಕೀಯನ್ನು ವಿರುದ್ಧ ದಿಕ್ಕಿಗೆ ತಿರುಗಿಸಿದರೆ ವಾರ ಬದಲಾಗುತ್ತದೆ. ಈಗ ವಾಚಿನಲ್ಲಿ 3ನೇ ತಾರೀಖಿನ ಬೆಳಗಿನ ಆರೂವರೆ. ಹೊರಗೆ ಅದೇ 3ರ ರಾತ್ರಿ ಎಂಟು ನಲವತ್ತು. ಕೀಯನ್ನು ಮತ್ತೆ ಕೊನೆಯ ಮೆಟ್ಟಿಲಿಗೆ ಎಳೆದು ಮುಳ್ಳುಗಳನ್ನು ಮುಂದಕ್ಕೆ ತಿರುಗಿಸಿ. ಒಮ್ಮೆ ಎಂಟು ನಲವತ್ತು ಬರುತ್ತದೆ, ಅದು ಬೆಳಗಿನದು, ಬಿಟ್ಟು ಮುಂದೆ ಹೋಗಿ. ಹನ್ನೆರಡು ದಾಟಿ ಎರಡನೇ ಸಲ ಎಂಟು ನಲವತ್ತು ಬಂದಾಗ ನಿಲ್ಲಿಸಿ, ಕೀ ಒತ್ತಿಬಿಡಿ.

ಬೆಳಗಿನ ಎಂಟು ನಲವತ್ತಕ್ಕೇ ನಿಲ್ಲಿಸಿಬಿಟ್ಟರೆ ಸಮಯ ಸರಿಯಾಗೇ ಕಾಣುತ್ತದೆ. ಆದರೆ ಮರುದಿನ ತಾರೀಖು ಬದಲಾಗುವುದು ಮಧ್ಯಾಹ್ನ ಹನ್ನೆರಡಕ್ಕೆ. ನನ್ನ ವಾಚು ಮಧ್ಯಾಹ್ನ ತಾರೀಖು ಬದಲಿಸುತ್ತದೆ, ಕೆಟ್ಟಿದೆ ಎಂದು ಅಂಗಡಿಗೆ ಬರುವವರು ಇದ್ದಾರಂತೆ. ಅದು ಕೆಟ್ಟದ್ದಲ್ಲ. ಮುಳ್ಳುಗಳನ್ನು ಹನ್ನೆರಡು ಗಂಟೆ ಮುಂದೆ ತಿರುಗಿಸಿ, ತಾರೀಖು ನೋಡಿಕೊಂಡರೆ ಮುಗಿಯಿತು.

ಮುಳ್ಳುಗಳನ್ನು ಹಿಂದಕ್ಕೆ ತಿರುಗಿಸಿ ಮಧ್ಯರಾತ್ರಿ ದಾಟುವುದನ್ನು ಮಾತ್ರ ಮಾಡಬೇಡಿ. ಬೆರಳು ಹಿಮ್ಮುಖವಾಗಿ ಬಂದು ಹಲ್ಲಿಗೆ ಸಿಕ್ಕಿಕೊಳ್ಳಬಹುದು. ಐದು ನಿಮಿಷ ಹಿಂದೆ ಹೋಗಬೇಕೆಂದರೆ, ಅದು ಹಗಲು ಹೊತ್ತಾದರೆ, ಅಡ್ಡಿಯಿಲ್ಲ. ಒಂದು ಹಳೆಯ ಕಾಲದ ಜಾತಿ ಮಾತ್ರ ಇದಕ್ಕೆ ಹೊರತು. ತಾರೀಖಿಗೆ ಪ್ರತ್ಯೇಕ ಮೆಟ್ಟಿಲೇ ಇಲ್ಲದ ವಾಚುಗಳಿವೆ, ಕೆಲವದರಲ್ಲಿ ಮುಳ್ಳನ್ನು ಮಧ್ಯರಾತ್ರಿಯಿಂದ ಸ್ವಲ್ಪ ಹಿಂದೆ ಮುಂದೆ ಆಡಿಸಿಯೇ ತಾರೀಖು ಮುಂದೂಡಬೇಕು. ಅವನ್ನು ಹಾಗೆಂದೇ ಮಾಡಿರುತ್ತಾರೆ. ಗೊತ್ತಿಲ್ಲದ ವಾಚಿನಲ್ಲಿ ಮುಂದಕ್ಕೆ ತಿರುಗಿಸುವುದೇ ಕ್ಷೇಮ.

ಕೀ ಹಿಡಿಯುವ ಕ್ರಮ

ತಾರೀಖಿನಷ್ಟೇ ಜೋಪಾನವಾಗಿ ಕೀಯನ್ನೂ ಹಿಡಿಯಬೇಕು. ರಿಪೇರಿಯವರು ಕ್ರೌನ್ ಎನ್ನುವ ಈ ಗುಂಡಿಯಿಂದ ಒಳಗೆ ಹೋಗಿರುವುದು ಸೂಜಿಯಂಥ ಒಂದು ಸಣ್ಣ ಕಡ್ಡಿ. ವಾಚನ್ನು ಕೈಯಲ್ಲಿ ಕಟ್ಟಿಕೊಂಡೇ ಕೀ ತಿರುಗಿಸಿದರೆ ಬೆರಳು ನೇರವಾಗಿ ಕೂರದೆ ಆ ಕಡ್ಡಿಯನ್ನು ಒಂದು ಬದಿಗೆ ಒತ್ತುತ್ತದೆ. ವರ್ಷಗಟ್ಟಲೆ ಹೀಗೆ ಮಾಡಿದರೆ ಕಡ್ಡಿ ಬಾಗುತ್ತದೆ, ಅದು ಹಾದುಹೋಗುವ ತೂತು ಸವೆಯುತ್ತದೆ. ವಾಚು ಬಿಚ್ಚಿ, ಎಡಗೈಯಲ್ಲಿ ಹಿಡಿದು, ಬಲಗೈಯ ಉಗುರಿನಿಂದ ನೇರ ಹೊರಗೆ ಎಳೆಯಿರಿ. ಮೆಟ್ಟಿಲು ಸಿಕ್ಕಿದ್ದು ಬೆರಳಿಗೆ ಗೊತ್ತಾಗುತ್ತದೆ. ಅರೆಬರೆ ಜಾಗದಲ್ಲಿ ತಿರುಗಿಸಬೇಡಿ.

ಕೈಯಿಂದ ಕೀ ಕೊಡುವ ವಾಚಿನಲ್ಲಿ ಸ್ಪ್ರಿಂಗ್ ಪೂರ್ತಿ ಸುತ್ತಿಕೊಂಡಾಗ ಕೀ ತಾನೇ ತಡೆಯುತ್ತದೆ. ಆ ತಡೆ ಸಿಕ್ಕ ಕೂಡಲೇ ಕೈ ಬಿಡಬೇಕು. ಆಟೋಮ್ಯಾಟಿಕ್‌ನಲ್ಲಿ ಸ್ಪ್ರಿಂಗಿನ ತುದಿ ತುಂಬಿದ ಮೇಲೆ ಜಾರುವಂತೆ ಮಾಡಿರುವುದರಿಂದ ಅಂಥ ತಡೆ ಸಿಗುವುದಿಲ್ಲ. ನಿಂತ ವಾಚಿಗೆ ಇಪ್ಪತ್ತು ಮೂವತ್ತು ಸುತ್ತು ಕೊಟ್ಟು ಕಟ್ಟಿಕೊಂಡರೆ ಉಳಿದದ್ದನ್ನು ಕೈಯ ಓಡಾಟವೇ ತುಂಬುತ್ತದೆ. ನೀರಿಗೆ ತಡೆಯಾಗಿ ಕೀಯನ್ನು ಮರೆಯಂತೆ ತಿರುಗಿಸಿ ಕೂರಿಸುವ ವಾಚಾದರೆ, ಮುಚ್ಚುವಾಗ ಮೊದಲು ಕೊಂಚ ಹಿಮ್ಮುಖ ತಿರುಗಿಸಿ ಮರೆ ಕೂತದ್ದು ನೋಡಿಕೊಂಡು ಆಮೇಲೆ ಒತ್ತಿ ಬಿಗಿಮಾಡಿ. ಕೀ ಪೂರ್ತಿ ಒಳಗೆ ಕೂರದಿದ್ದರೆ ಬೆವರು, ನೀರು ನುಗ್ಗುವ ದಾರಿ ಅದೇ.

ಪೆಟ್ಟು ಬಿದ್ದಿದೆಯೇ?

ಯಾವಾಗ ತಿರುಗಿಸಿದೆನೋ ನೆನಪಿಲ್ಲ, ಏನಾದರೂ ಆಗಿರಬಹುದೇ ಎಂಬ ಸಂಶಯವಿದ್ದರೆ ಮನೆಯಲ್ಲೇ ನೋಡಬಹುದು. ಮುಳ್ಳುಗಳನ್ನು ರಾತ್ರಿ ಎಂಟರಿಂದ ಮುಂದಕ್ಕೆ ನಿಧಾನವಾಗಿ ತಿರುಗಿಸುತ್ತ ಕಿಟಕಿಯನ್ನೇ ನೋಡಿ. ಹನ್ನೆರಡರ ಆಸುಪಾಸಿನಲ್ಲಿ ತಾರೀಖು ಪೂರ್ತಿ ಬದಲಾಗಿ ನಡುವೆ ನೆಟ್ಟಗೆ ಕೂರಬೇಕು. ಹತ್ತು ಹದಿನೈದು ನಿಮಿಷ ಆಚೀಚೆ ಆದರೆ ಚಿಂತೆಯಿಲ್ಲ. ಇದನ್ನು ಇಡೀ ತಿಂಗಳಿಗೆ, 1ರಿಂದ 31ರವರೆಗೆ ಮಾಡಿದರೆ ಒಳ್ಳೆಯದು. ಒಂದೇ ಹಲ್ಲು ಮುರಿದಿದ್ದರೆ ಅದು ತಿಂಗಳಿಗೆ ಒಂದೇ ದಿನ ಕೈಕೊಡುತ್ತದೆ. ನನ್ನ ವಾಚು ಮೊದಲ ವಾರವೆಲ್ಲ ಸರಿಯಾಗಿದ್ದು 7ರಿಂದ 8ಕ್ಕೆ ಹೋಗುವಾಗ ಸಿಕ್ಕಿಬಿದ್ದದ್ದು ಹೀಗೆ.

ಬೆರಳಿಗೇ ಪೆಟ್ಟಾಗಿದ್ದರೆ ಪ್ರತಿದಿನವೂ ತೊಂದರೆ ಕಾಣುತ್ತದೆ. ತಾರೀಖು ಬದಲಾಗುವುದೇ ಇಲ್ಲ, ಇಲ್ಲ ಅರ್ಧಕ್ಕೆ ನಿಲ್ಲುತ್ತದೆ. ಕೀ ತಿರುಗಿಸಿದರೆ ತಾರೀಖು ಅಲುಗಾಡದೆ ಕೀ ಮಾತ್ರ ಸುಮ್ಮನೆ ತಿರುಗುತ್ತಿದ್ದರೆ ಪೆಟ್ಟು ಅಡ್ಡದಾರಿಯ ಪುಟ್ಟ ಗಾಲಿಗೆ. ಹಗಲೆಲ್ಲ ಚೆನ್ನಾಗಿ ನಡೆದು ದಿನಾ ರಾತ್ರಿ ಹನ್ನೊಂದರಿಂದ ಒಂದರ ನಡುವೆ ನಿಲ್ಲುವ ವಾಚಿನಲ್ಲೂ ತಾರೀಖಿನ ಭಾಗವನ್ನೇ ಮೊದಲು ನೋಡಬೇಕು. ಬಾಗಿದ ಹಲ್ಲನ್ನು ತಳ್ಳುವಷ್ಟು ಬಲ ಮಷೀನಿನಲ್ಲಿ ಉಳಿದಿರುವುದಿಲ್ಲ.

ಒಂದು ಮಾತು ಕೇಳಿ: ತಿರುಗಿಸುವಾಗ ಬಿಗಿ ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ಮಷೀನು ನಮಗೆ ಕೊಡುವ ಎಚ್ಚರಿಕೆ ಅದೊಂದೇ. ಕೀಯನ್ನು ಮುಳ್ಳಿನ ಮೆಟ್ಟಿಲಿಗೆ ಎಳೆದು, ಮುಳ್ಳುಗಳನ್ನು ಮುಂದಕ್ಕೆ ತಿರುಗಿಸಿ, ಬೆಳಗಿನ ಆರೂವರೆಗೆ ತಂದು ಆಮೇಲೆ ನೋಡಿ. ಆವತ್ತು ರಾತ್ರಿ ನನ್ನ ಬೆರಳಿಗೆ ಅದು ಗೊತ್ತಾಗಿತ್ತು, ನಾನು ಕೇಳಲಿಲ್ಲ.

ನನ್ನ ವಾಚಿಗೆ ಹೊಸ ಬಳೆ ಸಿಗಲಿಲ್ಲ. ಹಿರಿಯರು ಡಬ್ಬಿಯೊಂದನ್ನು ಕೆದಕಿ, ಅದೇ ಜಾತಿಯ ಕೆಟ್ಟ ಮಷೀನಿನಿಂದ ಬಳೆ ಬಿಚ್ಚಿ ಕೂರಿಸಿದರು. ಅಂಕಿಗಳ ಬಣ್ಣ ಒಂದು ಚೂರು ಹಳದಿ. ಡಯಲ್ ಕೂರಿಸಿದ ಮೇಲೆ ಮುಳ್ಳಿಲ್ಲದ ಮಷೀನನ್ನು ತಿರುಗಿಸುತ್ತ ಬಂದು, ತಾರೀಖು ಜಿಗಿದ ಕ್ಷಣಕ್ಕೆ ಸರಿಯಾಗಿ ಎರಡೂ ಮುಳ್ಳುಗಳನ್ನು ಹನ್ನೆರಡರ ಮೇಲೆ ಕೂರಿಸಿದರು. ಹಾಗೆ ಮಾಡದೆ ಹೋದರೆ ವಾಚಿನ ಮಧ್ಯರಾತ್ರಿಯೇ ಜಾಗ ತಪ್ಪುತ್ತದಂತೆ. ಅದಕ್ಕೇ ಮುಳ್ಳಿಗಿಂತ ತಾರೀಖು ಜಿಗಿಯುವುದನ್ನು ನಂಬಿ ಎಂದರು.

ವರ್ಷದಲ್ಲಿ ಐದು ಸಲ ಈ ಕೆಲಸ ಬೀಳುತ್ತದೆ: ಮಾರ್ಚ್, ಮೇ, ಜುಲೈ, ಅಕ್ಟೋಬರ್, ಡಿಸೆಂಬರ್ ತಿಂಗಳ 1ರಂದು. ಹಿಂದಿನ ತಿಂಗಳು ಗಿಡ್ಡವಾದ್ದರಿಂದ ವಾಚು ಇಲ್ಲದ ತಾರೀಖನ್ನು ತೋರಿಸುತ್ತದೆ. ಈಗ ನಾನು 30ರ ರಾತ್ರಿ 31 ಕಂಡರೂ ಮುಟ್ಟುವುದಿಲ್ಲ. ವಾಚನ್ನು ಹಾಗೇ ಮೇಜಿನ ಮೇಲಿಟ್ಟು ಮಲಗುತ್ತೇನೆ. ಬೆಳಿಗ್ಗೆ ಕಾಫಿ ಕುಡಿದು, ಆರೂವರೆ ದಾಟಿದ ಮೇಲೆ ಕೀ ಎಳೆಯುತ್ತೇನೆ. ಆ ಹೊತ್ತಿಗೆ ಒಳಗಿನ ಬೆರಳು ತನ್ನ ರಾತ್ರಿಯ ಕೆಲಸ ಮುಗಿಸಿ ಹಲ್ಲುಗಳಿಂದ ದೂರ ಸರಿದಿರುತ್ತದೆ. ಬಿಗಿಯಿಲ್ಲದೆ 1 ಬಂದು ಕೂರುತ್ತದೆ.